ಕ್ರಿಯಾಪದ ಒಂದೇ ಸಾಲದು: ಅಳೆಯಬಹುದಾದ ಕಲಿಕಾ ಉದ್ದೇಶ ಬರೆಯುವ ಬಗೆ

(ಪ್ರೌಢಶಾಲಾ ಶಿಕ್ಷಕರು ಮತ್ತು ಬಿ.ಎಡ್. ಪ್ರಶಿಕ್ಷಣಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಪಾಠಯೋಜನೆಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ವಾಕ್ಯದಿಂದಲೇ ಶುರು ಮಾಡುತ್ತೇನೆ.

“ವಿದ್ಯಾರ್ಥಿಗಳು ಓಮನ ನಿಯಮವನ್ನು ಚೆನ್ನಾಗಿ ಅರ್ಥಮಾಡಿಕೊಳ್ಳುವರು.”

ಓದಲು ಚೆನ್ನಾಗಿದೆ, ಆಕ್ಷೇಪಣೆಯನ್ನೂ ಯಾರೂ ಎತ್ತುವುದಿಲ್ಲ. ಈಗ ಇದೇ ವಾಕ್ಯವನ್ನು ಮೂವರು ವಿಜ್ಞಾನ ಶಿಕ್ಷಕರ ಕೈಗೆ ಕೊಟ್ಟು, ಒಬ್ಬರು ಇನ್ನೊಬ್ಬರನ್ನು ಕೇಳದೆ, ಈ ಉದ್ದೇಶ ಈಡೇರಿದೆಯೇ ಎಂದು ನೋಡಲು ತಲಾ ಒಂದು ಪ್ರಶ್ನೆ ಬರೆಯಿರಿ ಅನ್ನಿ. ಒಬ್ಬರು “ಓಮನ ನಿಯಮವನ್ನು ನಿರೂಪಿಸಿ” ಎಂದು ಬರೆಯುತ್ತಾರೆ. ಇನ್ನೊಬ್ಬರು 6 ವೋಲ್ಟ್, 0.5 ಆಂಪಿಯರ್ ಕೊಟ್ಟು ರೋಧ ಎಷ್ಟು ಎಂದು ಕೇಳುತ್ತಾರೆ. ಮೂರನೆಯವರು ಒಂದು ನಕ್ಷೆ ಬಿಡಿಸಿ, ಈ ಸಾಧನ ನಿಯಮವನ್ನು ಪಾಲಿಸುತ್ತದೆಯೇ ಎಂದು ಕೇಳುತ್ತಾರೆ. ಮೊದಲ ಪ್ರಶ್ನೆಗೆ ಪೂರ್ತಿ ಅಂಕ ಪಡೆದ ಹುಡುಗಿ ಮೂರನೆಯದರ ಮುಂದೆ ಪೆನ್ನು ಹಿಡಿದು ಕೂತಿರಬಹುದು. ಹಾಗಾದರೆ ಅವಳಿಗೆ ಅರ್ಥವಾಗಿದೆಯೋ ಇಲ್ಲವೋ? ಆ ವಾಕ್ಯವನ್ನು ಇಟ್ಟುಕೊಂಡು ಇದಕ್ಕೆ ಉತ್ತರ ಹೇಳಲಾಗುವುದಿಲ್ಲ. ಅಳೆಯಲು ಬರುವುದಿಲ್ಲ ಎಂದು ನಾವು ಹೇಳುವುದು ಇದನ್ನೇ.

ಈ ಪರೀಕ್ಷೆಯನ್ನು ನೀವು ನಿಮ್ಮ ಶಾಲೆಯಲ್ಲೇ ಮಾಡಬಹುದು. ಬರೆದ ಉದ್ದೇಶವನ್ನು ಪಕ್ಕದ ಕೊಠಡಿಯ ಸಹೋದ್ಯೋಗಿಗೆ ಕೊಟ್ಟು ಒಂದು ಪ್ರಶ್ನೆ ಬರೆಸಿ. ನೀವು ಮನಸ್ಸಿನಲ್ಲಿಟ್ಟುಕೊಂಡ ಪ್ರಶ್ನೆಯೂ ಅವರು ಬರೆದ ಪ್ರಶ್ನೆಯೂ ಒಂದೇ ಬಗೆಯವಾಗಿದ್ದರೆ ಉದ್ದೇಶ ಸರಿಯಾಗಿದೆ. ಬೇರೆಬೇರೆಯಾಗಿದ್ದರೆ ತಿದ್ದಬೇಕಾದದ್ದು ಉದ್ದೇಶವನ್ನೇ.

ಉದ್ದೇಶವೆಂಬಂತೆ ಕಾಣುವ ಇನ್ನೆರಡು ಬಗೆಯ ವಾಕ್ಯಗಳಿವೆ. “ಓಮನ ನಿಯಮವನ್ನು ಪ್ರಯೋಗದ ಮೂಲಕ ತೋರಿಸುವುದು” ಎಂಬುದು ಶಿಕ್ಷಕರು ಮಾಡುವ ಕೆಲಸ. “ವಿದ್ಯಾರ್ಥಿಗಳು ಪ್ರಯೋಗವನ್ನು ವೀಕ್ಷಿಸಿ ಗುಂಪಿನಲ್ಲಿ ಚರ್ಚಿಸುವರು” ಎಂಬುದು ತರಗತಿಯ ಚಟುವಟಿಕೆ. ಎರಡೂ ಪಾಠಯೋಜನೆಯಲ್ಲಿ ಇರಬೇಕಾದವೇ, ಆದರೆ ಅವುಗಳ ಜಾಗ ಬೇರೆ. ಅವಧಿ ಮುಗಿದ ಮೇಲೆ ಮಗು ಏನು ಮಾಡಬಲ್ಲದು ಎಂಬುದನ್ನು ಹೇಳುವ ವಾಕ್ಯ ಮಾತ್ರ ಕಲಿಕಾ ಉದ್ದೇಶ.

ಒಂದು ವಾಕ್ಯದ ಮೂರು ಭಾಗಗಳು

ಅಮೆರಿಕದ ರಾಬರ್ಟ್ ಮೇಗರ್ 1962ರಲ್ಲಿ ಮುಂದಿಟ್ಟ ಒಂದು ಸರಳ ಕಟ್ಟು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಉದ್ದೇಶದಲ್ಲಿ ಮೂರು ಸಂಗತಿ ಇರಬೇಕು: ವಿದ್ಯಾರ್ಥಿ ಮಾಡುವ, ನಮ್ಮ ಕಣ್ಣಿಗೆ ಕಾಣುವ ಕೆಲಸ, ಆ ಕೆಲಸ ಮಾಡುವಾಗ ಅವನ ಮುಂದೆ ಏನಿರುತ್ತದೆ, ಏನಿರುವುದಿಲ್ಲ ಎಂಬ ಸನ್ನಿವೇಶ, ಎಷ್ಟು ಸರಿ ಮಾಡಿದರೆ ಸಾಕು ಎಂಬ ಮಟ್ಟ. ಇವುಗಳ ಜೊತೆಗೆ ಯಾರು ಎಂಬುದನ್ನೂ ಬರೆಯುವ ರೂಢಿ ಇದೆ. ನಮ್ಮ ಪಾಠಯೋಜನೆಯ ತಲೆಬರಹದಲ್ಲೇ ತರಗತಿ ಇರುವುದರಿಂದ ಅದನ್ನು ಪ್ರತಿ ಸಾಲಿನಲ್ಲೂ ಹೇಳಬೇಕಾಗಿಲ್ಲ.

ಮೊದಲ ವಾಕ್ಯವನ್ನು ಈಗ ಹೀಗೆ ತಿದ್ದೋಣ:

“ಒಂದು ವಾಹಕದ ವಿಭವಾಂತರ ಮತ್ತು ವಿದ್ಯುತ್ ಪ್ರವಾಹದ ನಾಲ್ಕು ಜೋಡಿ ಅಳತೆಗಳನ್ನು ಕೊಟ್ಟಾಗ, ವಿದ್ಯಾರ್ಥಿಗಳು ಅದರ ರೋಧವನ್ನು ಏಕಮಾನಸಹಿತ ಲೆಕ್ಕಹಾಕುವರು, ಇಂಥ ಐದು ಲೆಕ್ಕಗಳಲ್ಲಿ ಕನಿಷ್ಠ ನಾಲ್ಕು ಸರಿಯಿರಬೇಕು.”

ಇಲ್ಲಿ ‘ಲೆಕ್ಕಹಾಕುವರು’ ಕಾಣುವ ಕೆಲಸ, ಅಳತೆಗಳನ್ನು ಕೊಡುವುದು ಸನ್ನಿವೇಶ, ಐದರಲ್ಲಿ ನಾಲ್ಕು ಎಂಬುದು ಮಟ್ಟ. ಈ ವಾಕ್ಯ ಕೊಟ್ಟರೆ ಮೂವರು ಶಿಕ್ಷಕರೂ ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆ ಬರೆಯುತ್ತಾರೆ.

ಹಾಗೆಯೇ, ಒಂದು ಉದ್ದೇಶಕ್ಕೆ ಒಂದೇ ಕ್ರಿಯಾಪದ ಇರಲಿ. “ವಿವರಿಸಿ, ಹೋಲಿಸಿ, ಅನ್ವಯಿಸುವರು” ಎಂದು ಬರೆದರೆ, ವಿವರಿಸಲು ಬಂದು ಅನ್ವಯಿಸಲು ಬಾರದ ವಿದ್ಯಾರ್ಥಿಯ ಎದುರು ಏನೆಂದು ದಾಖಲಿಸುತ್ತೀರಿ?

ಆರು ಹಂತಗಳು, ಮತ್ತು ಪಟ್ಟಿಯ ತೊಡಕು

ಬೆಂಜಮಿನ್ ಬ್ಲೂಮ್ ಮತ್ತು ಅವರ ಸಂಗಡಿಗರು ಜ್ಞಾನಾತ್ಮಕ ವಲಯದ ವರ್ಗೀಕರಣವನ್ನು 1956ರಲ್ಲಿ ಪ್ರಕಟಿಸಿದರು. ಅವರೆಲ್ಲ ಮುಖ್ಯವಾಗಿ ವಿಶ್ವವಿದ್ಯಾಲಯಗಳಲ್ಲಿ ಪ್ರಶ್ನೆಪತ್ರಿಕೆ, ಪರೀಕ್ಷೆಗಳ ಹೊಣೆ ಹೊತ್ತವರು. ಪ್ರಶ್ನೆಗಳನ್ನು ಬಗೆಬಗೆಯಾಗಿ ವಿಂಗಡಿಸಿ ಹಂಚಿಕೊಳ್ಳಲು ಒಂದು ಸಮಾನ ಭಾಷೆ ಬೇಕೆಂದು ಈ ಕೆಲಸ ಹುಟ್ಟಿತು. ಮರುವರ್ಷವೇ, 1957ರಲ್ಲಿ, ಬ್ಲೂಮ್ ಭಾರತಕ್ಕೆ ಬಂದು ಮೌಲ್ಯಮಾಪನದ ಕಾರ್ಯಾಗಾರಗಳನ್ನು ನಡೆಸಿದರು. ನಮ್ಮ ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಜ್ಞಾನ, ತಿಳಿವಳಿಕೆ, ಅನ್ವಯ, ಕೌಶಲ ಎಂಬ ಕಾಲಂಗಳನ್ನು ನೋಡುತ್ತೀರಲ್ಲ, ಅವು ಇದೇ ಚಿಂತನೆಯ ಕೊಡುಗೆ.

2001ರಲ್ಲಿ ಲೋರಿನ್ ಆಂಡರ್ಸನ್ ಮತ್ತು ಡೇವಿಡ್ ಕ್ರಾತ್‌ವೋಲ್ ಅವರ ತಂಡ ಇದನ್ನು ಪರಿಷ್ಕರಿಸಿತು. ಕ್ರಾತ್‌ವೋಲ್ ಮೊದಲ ತಂಡದಲ್ಲೂ ಇದ್ದವರು. ನಾಮಪದಗಳಾಗಿದ್ದ ಹಂತಗಳು ಕ್ರಿಯೆಗಳಾದವು: ನೆನಪಿಸಿಕೊಳ್ಳು, ಗ್ರಹಿಸು, ಅನ್ವಯಿಸು, ವಿಶ್ಲೇಷಿಸು, ಮೌಲ್ಯಮಾಪನ ಮಾಡು, ಸೃಜಿಸು. ಹಳೆಯದರಲ್ಲಿ ಐದನೆಯದಾಗಿದ್ದ ಸಂಶ್ಲೇಷಣೆ ಸೃಜಿಸು ಎಂದಾಗಿ ತುದಿಗೆ ಹೋಯಿತು, ಮೌಲ್ಯಮಾಪನ ಒಂದು ಮೆಟ್ಟಿಲು ಕೆಳಗಿಳಿಯಿತು. ಇವಿಷ್ಟು ಎಲ್ಲರಿಗೂ ಗೊತ್ತು. ಆದರೆ ಇದಕ್ಕಿಂತ ದೊಡ್ಡ ಬದಲಾವಣೆಯೊಂದಿದೆ. ಪರಿಷ್ಕೃತ ವರ್ಗೀಕರಣಕ್ಕೆ ಒಂದಲ್ಲ, ಎರಡು ಆಯಾಮ. ಕ್ರಿಯಾಪದ ಒಂದು ಕಡೆ, ಅದು ಯಾವ ಬಗೆಯ ಜ್ಞಾನದ ಮೇಲೆ ಕೆಲಸ ಮಾಡುತ್ತದೆ ಎಂಬುದು ಇನ್ನೊಂದು ಕಡೆ. ಜ್ಞಾನ ನಾಲ್ಕು ಬಗೆ: ಬಿಡಿ ಸಂಗತಿಗಳು, ಪರಿಕಲ್ಪನೆಗಳು, ಕಾರ್ಯವಿಧಾನಗಳು, ತನ್ನ ಕಲಿಕೆಯ ಬಗ್ಗೆ ತನಗಿರುವ ಅರಿವು. ಅಂದರೆ ಉದ್ದೇಶದಲ್ಲಿ ಕ್ರಿಯಾಪದದಷ್ಟೇ ಮುಖ್ಯವಾದದ್ದು ಅದರ ಕರ್ಮಪದ. ‘ಏಕಮಾನವನ್ನು’ ನೆನಪಿಸಿಕೊಳ್ಳುವುದೂ ‘ಮಂಡಲ ಜೋಡಿಸುವ ಕ್ರಮವನ್ನು’ ನೆನಪಿಸಿಕೊಳ್ಳುವುದೂ ಒಂದೇ ಅಲ್ಲ.

ಈ ಅರ್ಧ ಭಾಗ ಬಿಟ್ಟುಹೋಗಿ, ನಮ್ಮ ಕೈಗೆ ಬಂದದ್ದು ಕ್ರಿಯಾಪದಗಳ ಪಟ್ಟಿ ಮಾತ್ರ. ಬಿ.ಎಡ್. ಕಾಲೇಜಿನ ಗೋಡೆಯ ಮೇಲೂ, ಪಾಠಯೋಜನೆ ಪುಸ್ತಕದ ಹಿಂಬದಿಯಲ್ಲೂ ಅದು ಸಿಗುತ್ತದೆ. ವಿಶ್ಲೇಷಣೆಯ ಉದ್ದೇಶ ಬೇಕಾದರೆ ಆ ಸಾಲಿನಿಂದ ‘ಹೋಲಿಸು’ ಎಂಬ ಪದ ತೆಗೆದು ವಾಕ್ಯಕ್ಕೆ ಸೇರಿಸುತ್ತೇವೆ. ಎರಡು ಪಟ್ಟಿಗಳನ್ನು ಎದುರುಬದುರು ಇಟ್ಟು ನೋಡಿ, ‘ಹೋಲಿಸು’ ಒಂದರಲ್ಲಿ ಗ್ರಹಿಕೆಯ ಕೆಳಗೆ, ಇನ್ನೊಂದರಲ್ಲಿ ವಿಶ್ಲೇಷಣೆಯ ಕೆಳಗೆ ಇರುತ್ತದೆ. ‘ವಿವರಿಸು’ ಅಂತೂ ಮೂರು ಹಂತಗಳಲ್ಲಿ ಓಡಾಡುತ್ತದೆ. ಇದು ಪಟ್ಟಿ ಮಾಡಿದವರ ಅಜಾಗರೂಕತೆಯಲ್ಲ. ಕ್ರಿಯಾಪದವೊಂದರಿಂದಲೇ ಹಂತವನ್ನು ಗೊತ್ತುಮಾಡಲು ಬರುವುದಿಲ್ಲ, ಅಷ್ಟೇ. ಉತ್ತರ ಕೊಡಲು ಮಗುವಿನ ತಲೆಯೊಳಗೆ ಯಾವ ಕೆಲಸ ನಡೆಯಬೇಕೋ ಅದು ಹಂತವನ್ನು ನಿರ್ಧರಿಸುತ್ತದೆ. ಆ ಕೆಲಸವನ್ನು ನಿರ್ಧರಿಸುವುದು, ತರಗತಿಯಲ್ಲಿ ಮೊದಲೇ ಏನು ಹೇಳಿಕೊಟ್ಟಿದ್ದೀರಿ ಎಂಬುದು.

ಓಮನ ನಿಯಮ, ಕೆಳಗಿನಿಂದ ಮೇಲಕ್ಕೆ

ಹತ್ತನೆಯ ತರಗತಿಯ ವಿದ್ಯುಚ್ಛಕ್ತಿ ಪಾಠವನ್ನೇ ತೆಗೆದುಕೊಳ್ಳೋಣ. ಪಠ್ಯದಲ್ಲಿ ಅರ್ಧ ಮೀಟರ್ ಉದ್ದದ ನಿಕ್ರೋಮ್ ತಂತಿ, 1.5 ವೋಲ್ಟ್‌ನ ನಾಲ್ಕು ಕೋಶಗಳು, ಒಂದು ಅಮ್ಮೀಟರ್, ಒಂದು ವೋಲ್ಟ್‌ಮೀಟರ್ ಇಟ್ಟುಕೊಂಡು ಮಾಡುವ ಚಟುವಟಿಕೆ ಇದೆ. ಕೋಶಗಳನ್ನು ಒಂದೊಂದಾಗಿ ಹೆಚ್ಚಿಸುತ್ತ ಅಳತೆ ಬರೆದುಕೊಳ್ಳುವುದು. ತರಗತಿಯಲ್ಲಿ ಬಂದ ಅಳತೆಗಳು ಹೀಗಿವೆ ಅಂದುಕೊಳ್ಳಿ: 1.5 ವೋಲ್ಟ್‌ಗೆ 0.15 ಆಂಪಿಯರ್, 3.0ಕ್ಕೆ 0.30, 4.5ಕ್ಕೆ 0.44, 6.0ಕ್ಕೆ 0.60. ಅನುಪಾತ ಎಲ್ಲ ಕಡೆ ಸುಮಾರು 10, ಅಂದರೆ ತಂತಿಯ ರೋಧ ಸುಮಾರು 10 ಓಮ್.

ಮೊದಲ ಹಂತ, ನೆನಪು. “ಪಠ್ಯ ನೋಡದೆ ಓಮನ ನಿಯಮವನ್ನು, ತಾಪ ಸ್ಥಿರವಾಗಿರಬೇಕೆಂಬ ಷರತ್ತು ಸಹಿತ, ಬರೆಯುವರು.” ಇದರಲ್ಲಿ ಬಿಟ್ಟುಹೋಗುವುದು ಷರತ್ತು. ತಾಪದ ಮಾತಿಲ್ಲದೆ ‘ಪ್ರವಾಹವು ವಿಭವಾಂತರಕ್ಕೆ ನೇರ ಅನುಪಾತದಲ್ಲಿರುತ್ತದೆ’ ಎಂದು ಬರೆದ ಉತ್ತರಕ್ಕೆ ಒಬ್ಬ ಶಿಕ್ಷಕರು ಪೂರ್ತಿ ಅಂಕ ಕೊಡುತ್ತಾರೆ, ಇನ್ನೊಬ್ಬರು ಅರ್ಧ. ಉದ್ದೇಶದಲ್ಲೇ ‘ಷರತ್ತು ಸಹಿತ’ ಎಂದು ಬರೆದುಬಿಟ್ಟರೆ ಈ ಗೊಂದಲ ಇರುವುದಿಲ್ಲ. ಆ ಷರತ್ತಿನ ಬೆಲೆ ಏನೆಂದು ಇನ್ನು ಮೂರು ಹಂತ ಮೇಲೆ ಹೋದಾಗ ಗೊತ್ತಾಗುತ್ತದೆ.

ಎರಡನೆಯದು, ಗ್ರಹಿಕೆ. “ಮೇಲಿನ ಅಳತೆಗಳ ಕೋಷ್ಟಕವನ್ನು ಕೊಟ್ಟಾಗ, ವಿಭವಾಂತರ ಇಮ್ಮಡಿಯಾದರೆ ಪ್ರವಾಹ ಏನಾಗುತ್ತದೆ ಎಂಬುದನ್ನು ಕೋಷ್ಟಕದ ಎರಡು ಸಾಲುಗಳನ್ನು ಆಧಾರವಾಗಿ ತೋರಿಸಿ ಸ್ವಂತ ಮಾತಿನಲ್ಲಿ ಹೇಳುವರು.” ‘ಸ್ವಂತ ಮಾತಿನಲ್ಲಿ’ ಎಂಬುದನ್ನು ಅಲಂಕಾರಕ್ಕೆ ಬರೆದಿಲ್ಲ. ನೋಟ್ಸಿನ ವಾಕ್ಯವನ್ನೇ ಒಪ್ಪಿಸಿದರೆ ಅದು ಮೊದಲ ಹಂತಕ್ಕೆ ಜಾರುತ್ತದೆ. ಎರಡು ಸಾಲು ತೋರಿಸಬೇಕೆಂಬ ನಿಯಮ ಇರುವುದು ಹಾಗೆ ಜಾರದಂತೆ ತಡೆಯಲಿಕ್ಕೆ. ಕೋಷ್ಟಕದ ಅಂಕಿಗಳು ನೋಟ್ಸಿನಲ್ಲಿ ಇರುವುದಿಲ್ಲವಲ್ಲ.

ಮೂರನೆಯದು ಅನ್ವಯ. ಪರಿಷ್ಕೃತ ವರ್ಗೀಕರಣದಲ್ಲಿ ಇದಕ್ಕೆ ಎರಡು ಕವಲು. ಕಲಿತ ವಿಧಾನವನ್ನು ಪರಿಚಿತ ಲೆಕ್ಕಕ್ಕೆ ಹಾಕುವುದು ಒಂದು. ಅಪರಿಚಿತ ಸನ್ನಿವೇಶದಲ್ಲಿ ಯಾವ ವಿಧಾನ ಬೇಕೆಂದು ತಾನೇ ಆರಿಸಿ ಹಾಕುವುದು ಇನ್ನೊಂದು. ಮೊದಲು ತಿದ್ದಿ ಬರೆದ ‘ರೋಧ ಲೆಕ್ಕಹಾಕುವರು’ ಮೊದಲ ಕವಲಿನದು. “ಒಂದು ಉಪಕರಣಕ್ಕೆ ಗರಿಷ್ಠ 0.3 ಆಂಪಿಯರ್ ಪ್ರವಾಹ ಮಾತ್ರ ಸುರಕ್ಷಿತ ಎಂದು ಹೇಳಿ ಅದರ ರೋಧ ಕೊಟ್ಟಾಗ, 1.5 ವೋಲ್ಟ್‌ನ ಎಷ್ಟು ಕೋಶಗಳನ್ನು ಸರಣಿಯಲ್ಲಿ ಜೋಡಿಸಬಹುದೆಂದು ನಿರ್ಧರಿಸುವರು” ಎಂಬುದು ಎರಡನೆಯ ಕವಲಿನದು. ಇಲ್ಲಿ ಯಾವ ಸೂತ್ರವೆಂದು ಪ್ರಶ್ನೆ ಹೇಳುವುದಿಲ್ಲ. ರೋಧ 12 ಓಮ್ ಎಂದು ಕೊಟ್ಟರೆ ಗರಿಷ್ಠ 3.6 ವೋಲ್ಟ್, ಆದ್ದರಿಂದ ಎರಡು ಕೋಶ. 3.6ನ್ನು 1.5ರಿಂದ ಭಾಗಿಸಿದರೆ 2.4 ಬರುತ್ತದೆ, ಅದನ್ನೇ ಉತ್ತರವೆಂದು ಬರೆದ ವಿದ್ಯಾರ್ಥಿಗೆ ಲೆಕ್ಕ ಬರುತ್ತದೆ, ಆದರೆ ಲೆಕ್ಕವನ್ನು ಸನ್ನಿವೇಶಕ್ಕೆ ಹೊಂದಿಸಲು ಬರುವುದಿಲ್ಲ. ಎರಡು ಕವಲನ್ನು ಬೇರೆಬೇರೆ ಉದ್ದೇಶವಾಗಿ ಬರೆದರೆ ಮಾತ್ರ ಇದು ನಿಮ್ಮ ಗಮನಕ್ಕೆ ಬರುತ್ತದೆ.

ನಾಲ್ಕನೆಯದು, ವಿಶ್ಲೇಷಣೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಇಡಿಯೊಂದನ್ನು ಬಿಡಿಗಳಾಗಿ ಒಡೆದು, ಬಿಡಿಗಳ ನಡುವಿನ ಸಂಬಂಧ ಕಂಡುಕೊಳ್ಳುವುದು ವಿಶ್ಲೇಷಣೆ. ಯಾವುದು ಪ್ರಸ್ತುತ, ಯಾವುದು ಅಪ್ರಸ್ತುತ ಎಂದು ಬೇರ್ಪಡಿಸುವುದೂ ಅದರ ಭಾಗ. ಟಾರ್ಚ್ ಬಲ್ಬ್ ಒಂದರ ಅಳತೆಗಳನ್ನು ಕೊಡಿ: 0.5 ವೋಲ್ಟ್‌ಗೆ 0.10 ಆಂಪಿಯರ್, 1.0ಕ್ಕೆ 0.16, 2.0ಕ್ಕೆ 0.24, 3.0ಕ್ಕೆ 0.30. ಅನುಪಾತ ತೆಗೆದರೆ 5 ಓಮ್‌ನಿಂದ ಶುರುವಾಗಿ 6.25, 8.3, 10 ಓಮ್‌ಗೆ ಏರುತ್ತದೆ. ಉದ್ದೇಶ ಹೀಗೆ: “ನಿಕ್ರೋಮ್ ತಂತಿ ಮತ್ತು ಬಲ್ಬ್, ಎರಡರ ಅಳತೆಗಳನ್ನೂ ಕೊಟ್ಟಾಗ, ಬಲ್ಬಿನ ರೋಧ ಏರುವುದನ್ನು ಅಂಕಿಗಳಿಂದ ತೋರಿಸಿ, ನಿಯಮದ ಯಾವ ಷರತ್ತು ಇಲ್ಲಿ ಮುರಿದಿದೆ ಎಂಬುದಕ್ಕೆ ಸಂಬಂಧ ಕಲ್ಪಿಸುವರು.” ತಂತು ಕಾದು ಅದರ ತಾಪ ಏರಿತು, ಆದ್ದರಿಂದ ರೋಧ ಏರಿತು, ಸ್ಥಿರ ತಾಪದ ಷರತ್ತು ಉಳಿಯಲಿಲ್ಲ ಎಂಬ ಮೂರು ಕೊಂಡಿಗಳನ್ನು ವಿದ್ಯಾರ್ಥಿಯೇ ಹೆಣೆಯಬೇಕು. ಮಟ್ಟವನ್ನೂ ಈ ಕೊಂಡಿಗಳಿಂದಲೇ ಹೇಳಬಹುದು: ಮೂರೂ ಇದ್ದರೆ ಪೂರ್ತಿ, ಅಂಕಿಗಳ ಆಧಾರ ಇಲ್ಲದಿದ್ದರೆ ಅಪೂರ್ಣ.

ಈಗ ಒಂದು ಎಚ್ಚರಿಕೆ. ಇದೇ ಬಲ್ಬಿನ ನಕ್ಷೆಯನ್ನು ತರಗತಿಯಲ್ಲಿ ಬಿಡಿಸಿ, ‘ತಾಪ ಏರುವುದರಿಂದ ರೇಖೆ ಬಾಗುತ್ತದೆ’ ಎಂದು ನೋಟ್ಸ್ ಬರೆಸಿದ್ದರೆ, ಪರೀಕ್ಷೆಯಲ್ಲಿ ‘ವಿಶ್ಲೇಷಿಸಿ’ ಎಂದು ಕೇಳಿದರೂ ಅದು ನೆನಪಿನ ಪ್ರಶ್ನೆಯೇ. ಮೇಲಿನ ಹಂತದ ಪ್ರಶ್ನೆಗಳು ಸೊರಗುವುದು ಹೆಚ್ಚಾಗಿ ಹೀಗೆ. ಕಳೆದ ವರ್ಷದ ಒಳ್ಳೆಯ ಪ್ರಶ್ನೆ ಗೈಡಿಗೆ ಹೋಗುತ್ತದೆ, ಗೈಡಿನಿಂದ ನೋಟ್ಸಿಗೆ ಬರುತ್ತದೆ, ಈ ವರ್ಷ ಅದರ ಹಂತ ಕುಸಿದಿರುತ್ತದೆ, ಪದ ಮಾತ್ರ ಹಾಗೆಯೇ ಉಳಿದಿರುತ್ತದೆ. ಇದಕ್ಕೆ ಉಪಾಯ ಉದ್ದೇಶದ ಸನ್ನಿವೇಶದ ಭಾಗದಲ್ಲಿದೆ: ‘ತರಗತಿಯಲ್ಲಿ ಬಳಸದ ಸಾಧನದ ಅಳತೆಗಳನ್ನು ಕೊಟ್ಟಾಗ’ ಎಂದು ಸೇರಿಸಿ. ಬಲ್ಬನ್ನು ಪಾಠದಲ್ಲಿ ಬಳಸಿದ್ದರೆ ಪರೀಕ್ಷೆಗೆ ವಿರುದ್ಧ ದಿಕ್ಕಿನ ಒಂದು ಸಾಧನ ಕೊಡಿ, ಹೆಸರು ಹೇಳಬೇಕಾಗಿಲ್ಲ: 1.0 ವೋಲ್ಟ್‌ಗೆ 0.02 ಆಂಪಿಯರ್, 2.0ಕ್ಕೆ 0.05, 3.0ಕ್ಕೆ 0.10. ರೋಧ 50 ಓಮ್‌ನಿಂದ 40, 30ಕ್ಕೆ ಇಳಿಯುತ್ತದೆ. ‘ಕಾದರೆ ರೋಧ ಏರುತ್ತದೆ’ ಎಂಬ ಉರುಹೊಡೆದ ವಾಕ್ಯ ಇಲ್ಲಿ ಕೆಲಸಕ್ಕೆ ಬಾರದು. ಅಂಕಿಗಳನ್ನು ನೋಡದೆ ಬರೆದವರು ಯಾರೆಂದು ಉತ್ತರಪತ್ರಿಕೆಯೇ ಹೇಳುತ್ತದೆ.

ಐದನೆಯದು ಮೌಲ್ಯಮಾಪನ, ಅಂದರೆ ಒಂದು ಮಾನದಂಡವನ್ನು ಇಟ್ಟುಕೊಂಡು ತೀರ್ಪು ಕೊಡುವುದು. ಮಾನದಂಡ ಇಲ್ಲದಿದ್ದರೆ ಅದು ಬರಿಯ ಅಭಿಪ್ರಾಯ. “ಓಮನ ನಿಯಮದ ಮಹತ್ವವನ್ನು ನಿಮ್ಮ ದೃಷ್ಟಿಯಲ್ಲಿ ವಿಮರ್ಶಿಸಿ” ಎಂಬ ಪ್ರಶ್ನೆಯಲ್ಲಿ ಕ್ರಿಯಾಪದ ಐದನೆಯ ಹಂತದ್ದು, ಬರುವ ಉತ್ತರ ಪ್ರಬಂಧದ ಪೀಠಿಕೆ. ಅದರ ಬದಲು ಒಂದು ಪ್ರಯೋಗ ವರದಿಯನ್ನು ಕೊಡಿ. ವಿದ್ಯಾರ್ಥಿಯೊಬ್ಬ ಎರಡೇ ಅಳತೆ ತೆಗೆದಿದ್ದಾನೆ, ಎರಡರ ನಡುವೆ ಪ್ಲಗ್ ಕೀಯನ್ನು ತೆಗೆಯದೆ ಪ್ರವಾಹವನ್ನು ಹರಿಯಲು ಬಿಟ್ಟಿದ್ದಾನೆ, ಅಮ್ಮೀಟರ್‌ನ ಮುಳ್ಳು ಸೊನ್ನೆಯಲ್ಲಿ ನಿಲ್ಲುವುದಿಲ್ಲ ಎಂದು ತಾನೇ ಬರೆದಿದ್ದಾನೆ, ಕೊನೆಗೆ ‘ರೋಧ ಸ್ಥಿರವಾಗಿದೆ ಎಂದು ಸಾಬೀತಾಯಿತು’ ಎಂದಿದ್ದಾನೆ. ಉದ್ದೇಶ: “ಕೊಟ್ಟ ವರದಿಯ ತೀರ್ಮಾನಕ್ಕೆ ಅದರ ಅಳತೆಗಳು ಸಾಕಷ್ಟು ಆಧಾರ ಕೊಡುತ್ತವೆಯೇ ಎಂದು ಪರಿಶೀಲಿಸಿ, ಕನಿಷ್ಠ ಎರಡು ದೋಷಗಳನ್ನು, ಪ್ರತಿಯೊಂದರಿಂದ ತೀರ್ಮಾನಕ್ಕೆ ಆಗುವ ಪರಿಣಾಮದೊಂದಿಗೆ, ಗುರುತಿಸುವರು.” ವಾಕ್ಯದ ಕೊನೆಯ ಕ್ರಿಯಾಪದ ಗಮನಿಸಿ. ‘ಗುರುತಿಸು’ ಎಷ್ಟೋ ಪಟ್ಟಿಗಳಲ್ಲಿ ನೆನಪಿನ ಹಂತದಲ್ಲಿರುವ ಪದ. ಇಲ್ಲಿ ನಡೆಯುವ ಕೆಲಸ ಐದನೆಯ ಹಂತದ್ದು, ಏಕೆಂದರೆ ‘ತೀರ್ಮಾನಕ್ಕೆ ಅಳತೆಗಳ ಆಧಾರ ಇದೆಯೇ’ ಎಂಬ ಮಾನದಂಡ ಇದೆ, ವರದಿ ಹೊಸದು, ಪರಿಣಾಮವನ್ನೂ ಹೇಳಬೇಕು.

ಆರನೆಯದು, ಸೃಜನೆ. ‘ವಿದ್ಯುತ್ ಮಂಡಲದ ಮಾದರಿ ತಯಾರಿಸುವರು’ ಎಂದು ಬರೆದು, ಪುಸ್ತಕದ ಚಿತ್ರವನ್ನು ಥರ್ಮೋಕೋಲಿನ ಮೇಲೆ ಅಂಟಿಸಿದರೆ ಅದು ನಕಲು. ಕೈಕೆಲಸ ಚೆನ್ನಾಗಿರಬಹುದು, ಆರನೆಯ ಹಂತ ಅದರಲ್ಲಿಲ್ಲ. ಒಂದಕ್ಕಿಂತ ಹೆಚ್ಚು ಸರಿಯುತ್ತರಗಳಿರಬೇಕು, ಆದರೆ ಎಲ್ಲ ಉತ್ತರಗಳನ್ನೂ ಒಂದೇ ಅಳತೆಗೋಲಿನಿಂದ ನೋಡಲು ಬರಬೇಕು. ನಮ್ಮ ನಿಕ್ರೋಮ್ ತಂತಿ ಅರ್ಧ ಮೀಟರಿಗೆ 10 ಓಮ್, ಅಂದರೆ ಒಂದು ಸೆಂಟಿಮೀಟರಿಗೆ 0.2 ಓಮ್. “ಈ ತಂತಿಯ ಒಂದು ಮೀಟರ್ ಮತ್ತು 3 ವೋಲ್ಟ್ ಬ್ಯಾಟರಿ ಇದೆ ಎಂದಾಗ, ಪ್ರವಾಹವನ್ನು 0.2ರಿಂದ 0.6 ಆಂಪಿಯರ್‌ವರೆಗೆ ಕನಿಷ್ಠ ಮೂರು ಬೆಲೆಗಳಿಗೆ ಬದಲಿಸಬಲ್ಲ ವ್ಯವಸ್ಥೆಯೊಂದನ್ನು ರೂಪಿಸಿ, ಚಿತ್ರ ಮತ್ತು ಲೆಕ್ಕದ ಸಮೇತ ಮಂಡಿಸುವರು.” 0.2 ಆಂಪಿಯರ್‌ಗೆ 15 ಓಮ್, ಅಂದರೆ 75 ಸೆಂಟಿಮೀಟರ್, 0.6ಕ್ಕೆ 5 ಓಮ್, 25 ಸೆಂಟಿಮೀಟರ್. ಒಬ್ಬಳು ಜಾರುವ ಕ್ಲಿಪ್ ಇಡುತ್ತಾಳೆ, ಇನ್ನೊಬ್ಬ ಮೂರು ಕಡೆ ತಂತಿ ತೆಗೆದು ಸ್ವಿಚ್ಚು ಹಾಕುತ್ತಾನೆ, ಮತ್ತೊಬ್ಬಳು ತುಂಡುಗಳನ್ನು ಸಮಾಂತರವಾಗಿ ಜೋಡಿಸುತ್ತಾಳೆ. ಎಲ್ಲರಿಗೂ ಕೇಳುವ ಪ್ರಶ್ನೆಗಳು ಅವೇ ಮೂರು: ಪ್ರವಾಹ ಆ ಮಿತಿಯೊಳಗೆ ಇದೆಯೇ, ಲೆಕ್ಕ ಚಿತ್ರಕ್ಕೆ ಹೊಂದುತ್ತದೆಯೇ, ತಂತಿ ಒಂದು ಮೀಟರ್ ಮೀರಿಲ್ಲವೇ.

ಮಟ್ಟ ಎಲ್ಲಿಂದ ಬರುತ್ತದೆ

ಮಟ್ಟದ ಭಾಗದಲ್ಲಿ ಎಲ್ಲ ಉದ್ದೇಶಗಳಿಗೂ ‘ಶೇಕಡಾ 80’ ಎಂದು ಬರೆಯುವ ಅಭ್ಯಾಸ ಇದೆ. ಯಾವುದರ ಶೇಕಡಾ 80? ಓಮನ ನಿಯಮದ ಶೇಕಡಾ 80ನ್ನು ಬರೆಯುವುದು ಹೇಗೆ? ಸಂಖ್ಯೆ ಹಾಕುವ ಮುಂಚೆ ತಪ್ಪಿದರೆ ಏನಾಗುತ್ತದೆ ಎಂದು ಯೋಚಿಸಬೇಕು. ಲೆಕ್ಕದಲ್ಲಿ ಒಂದು ಗುಣಾಕಾರ ತಪ್ಪಿದರೆ ಮುಂದಿನದರಲ್ಲಿ ತಿದ್ದಿಕೊಳ್ಳಬಹುದು, ಐದರಲ್ಲಿ ನಾಲ್ಕು ಸಾಕು. ಅಮ್ಮೀಟರನ್ನು ಸರಣಿಯಲ್ಲಿ, ವೋಲ್ಟ್‌ಮೀಟರನ್ನು ಸಮಾಂತರವಾಗಿ ತೋರಿಸುವ ಮಂಡಲ ಚಿತ್ರದಲ್ಲಿ ಅಂಥ ರಿಯಾಯಿತಿ ಇಲ್ಲ. ಅಮ್ಮೀಟರಿನ ರೋಧ ತೀರಾ ಕಡಿಮೆ; ಅದನ್ನು ಸಮಾಂತರವಾಗಿ ಹಾಕಿದರೆ ಮಿತಿಮೀರಿದ ಪ್ರವಾಹ ಹರಿದು ಮೀಟರೇ ಕೆಡಬಹುದು. ಅಲ್ಲಿ ಪ್ರತಿಸಲವೂ ಸರಿಯಿರಬೇಕು ಎಂದೇ ಬರೆಯಬೇಕು. ಹಾಗೆಯೇ ‘ಎರಡು ನಿಮಿಷದಲ್ಲಿ’ ಎಂಬ ಸಮಯದ ಮಿತಿಯನ್ನು, ವೇಗವೇ ಕಲಿಕೆಯ ಭಾಗವಾಗಿದ್ದಾಗ ಮಾತ್ರ ಹಾಕಿ.

ಇನ್ನೊಂದು ಗೊಂದಲ: ‘ತರಗತಿಯ ಶೇಕಡಾ 80 ವಿದ್ಯಾರ್ಥಿಗಳು ರೋಧ ಲೆಕ್ಕಹಾಕುವರು.’ ಇದು ಶಿಕ್ಷಕರು ತಮಗೆ ಇಟ್ಟುಕೊಂಡ ಗುರಿ. ಯಾವುದೇ ಒಂದು ಮಗು ಕಲಿತಿದೆಯೇ ಎಂದು ನೋಡಲು ಇದರಿಂದ ಪ್ರಯೋಜನವಿಲ್ಲ. ಎರಡನ್ನೂ ಬೇರೆಬೇರೆ ಇಡಿ.

ಬರೆದದ್ದು ತರಗತಿಗೆ ಮುಟ್ಟಬೇಕು

ನಲವತ್ತು ನಿಮಿಷದ ಒಂದು ಅವಧಿಗೆ ಎರಡು, ಹೆಚ್ಚೆಂದರೆ ಮೂರು ಉದ್ದೇಶ ಸಾಕು. ಆರು ಹಂತಗಳನ್ನೂ ಒಂದೇ ಅವಧಿಯ ಪಾಠಯೋಜನೆಯಲ್ಲಿ ತುಂಬುವುದು ತಪಾಸಣೆಗೆ ಬರುವವರಿಗಾಗಿ ಮಾಡುವ ಕೆಲಸ. ಆರು ಹಂತಗಳು ಇಡೀ ಘಟಕಕ್ಕೆ ಹರಡಿರಲಿ. ಕೆಲವು ಘಟಕಗಳಲ್ಲಿ ಸೃಜನೆಯ ಉದ್ದೇಶ ಇರದಿದ್ದರೂ ತಪ್ಪಲ್ಲ.

ಬರೆದ ಪ್ರತಿ ಉದ್ದೇಶದ ಮುಂದೆ ಎರಡು ಖಾನೆ ಹಾಕಿಕೊಳ್ಳಿ. ಒಂದರಲ್ಲಿ ಇದನ್ನು ಮಕ್ಕಳು ತರಗತಿಯಲ್ಲಿ ಯಾವಾಗ ಅಭ್ಯಾಸ ಮಾಡುತ್ತಾರೆ ಎಂದು ಬರೆಯಿರಿ, ಇನ್ನೊಂದರಲ್ಲಿ ಯಾವ ಪ್ರಶ್ನೆಯಿಂದ ಅಳೆಯುತ್ತೀರಿ ಎಂದು. ಹೀಗೆ ಮಾಡಿದಾಗ ಸಾಮಾನ್ಯವಾಗಿ ಕಾಣುವ ಬಿರುಕು ಇದು: ಉದ್ದೇಶದಲ್ಲಿ ‘ವಿಶ್ಲೇಷಿಸುವರು’, ತರಗತಿಯಲ್ಲಿ ಶಿಕ್ಷಕರು ವಿಶ್ಲೇಷಿಸಿ ಹೇಳಿದರು, ಘಟಕ ಪರೀಕ್ಷೆಯಲ್ಲಿ ‘ನಿರೂಪಿಸಿ’ ಎಂದು ಕೇಳಿದರು. ಇದಕ್ಕೆ ತಿರುಗುಮುರುಗಾದದ್ದೂ ಇದೆ, ಅದು ಮಕ್ಕಳಿಗೆ ಇನ್ನೂ ಕಷ್ಟದ್ದು: ತರಗತಿಯಲ್ಲಿ ಸೂತ್ರಕ್ಕೆ ಅಂಕಿ ಹಾಕುವುದನ್ನಷ್ಟೇ ಮಾಡಿಸಿ, ಪರೀಕ್ಷೆಯಲ್ಲಿ ಬಲ್ಬಿನ ಕೋಷ್ಟಕ ಕೊಡುವುದು. ಒಂದೇ ಒಂದು ಸಲವೂ ಮಾಡಿ ನೋಡದ ಕೆಲಸವನ್ನು ಮಗುವಿನಿಂದ ಅಳೆಯುವುದು ಅನ್ಯಾಯ. ಬಲ್ಬು ತರಗತಿಗೆ, ಹೆಸರಿಲ್ಲದ ಸಾಧನ ಪರೀಕ್ಷೆಗೆ ಎಂದು ಹಂಚಿದ್ದು ಇದಕ್ಕೇ. ಕೆಲಸ ಅದೇ, ವಸ್ತು ಮಾತ್ರ ಹೊಸದು.

ತಂತಿಗಳನ್ನು ಬಿಗಿಯಾಗಿ ಜೋಡಿಸುವುದು, ಮೀಟರಿನ ಮುಳ್ಳನ್ನು ನೇರ ಎದುರಿನಿಂದ ಓದುವುದು ಕೈಯ ಮತ್ತು ಕಣ್ಣಿನ ಕೌಶಲ. ಅವನ್ನು ಈ ಆರು ಹಂತಗಳಲ್ಲಿ ತುರುಕಬೇಡಿ. ಕ್ರಿಯಾತ್ಮಕ ವಲಯದ ಉದ್ದೇಶವಾಗಿ ಬೇರೆಯೇ ಬರೆದು, ಮಗು ಮಾಡುವುದನ್ನು ನೋಡುತ್ತಲೇ ಪರಿಶೀಲನಾ ಪಟ್ಟಿಯಲ್ಲಿ ಗುರುತು ಹಾಕಿ.

ಕನ್ನಡ ಶಿಕ್ಷಕರ ಪ್ರಶ್ನೆ

ಸಭೆಯಲ್ಲಿದ್ದ ಕನ್ನಡ ಭಾಷಾ ಶಿಕ್ಷಕಿಯೊಬ್ಬರು, ಇದೆಲ್ಲ ವಿಜ್ಞಾನಕ್ಕೆ ಸರಿ, ಪದ್ಯಪಾಠಕ್ಕೆ ಹೇಗೆ ಎಂದು ಕೇಳಿದರು. ‘ಪದ್ಯವನ್ನು ಆಸ್ವಾದಿಸುವರು’ ಎಂಬುದು ಭಾವನಾತ್ಮಕ ವಲಯದ್ದು; ಅದು ಬೇಡವೆಂದಲ್ಲ, ಒಂದು ಅವಧಿಯ ಕೊನೆಗೆ ಅಳೆಯುವ ವಸ್ತು ಅದಲ್ಲ. ಅದೇ ಪಾಠದೊಳಗೆ ಅಳೆಯಬಹುದಾದದ್ದು ಬಹಳ ಇದೆ. ಛಂದಸ್ಸನ್ನೇ ನೋಡಿ: “ಪಠ್ಯದಲ್ಲಿಲ್ಲದ ಒಂದು ಷಟ್ಪದಿ ಪದ್ಯ ಕೊಟ್ಟಾಗ, ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಅದು ಯಾವ ಷಟ್ಪದಿಯೆಂದು ಮಾತ್ರೆಗಳ ಲೆಕ್ಕದ ಆಧಾರದಿಂದ ನಿರ್ಣಯಿಸುವರು.” ಭಾಮಿನಿಯಾದರೆ 1, 2, 4, 5ನೆಯ ಪಾದಗಳಲ್ಲಿ ಮೂರು ನಾಲ್ಕರ ಗಣಗಳು ಎರಡಾವರ್ತಿ ಬಂದು 14 ಮಾತ್ರೆ, 3 ಮತ್ತು 6ರಲ್ಲಿ ಅದೇ ಗಣಗಳು ಮೂರಾವರ್ತಿ ಬಂದು ಕೊನೆಗೊಂದು ಗುರು, ಒಟ್ಟು 23. ವಾರ್ಧಕವಾದರೆ ಐದು ಮಾತ್ರೆಯ ಗಣಗಳು, 20 ಮತ್ತು 32. ಉತ್ತರ ಸರಿಯೋ ತಪ್ಪೋ ಎಂಬುದರಲ್ಲಿ ಇಬ್ಬರು ಮೌಲ್ಯಮಾಪಕರಿಗೆ ಭಿನ್ನಾಭಿಪ್ರಾಯ ಬರಲು ಆಸ್ಪದವೇ ಇಲ್ಲ.

ಇಲ್ಲೂ ‘ಪಠ್ಯದಲ್ಲಿಲ್ಲದ’ ಎಂಬ ಪದವನ್ನು ತೆಗೆದುಬಿಟ್ಟರೆ, ಮೊದಲೇ ಹಲಗೆಯ ಮೇಲೆ ಪ್ರಸ್ತಾರ ಹಾಕಿ ತೋರಿಸಿದ ಪದ್ಯವನ್ನೇ ಕೇಳಬಹುದು. ಆಗ ಮಗು ಮಾತ್ರೆ ಎಣಿಸುವುದೇ ಇಲ್ಲ, ನೆನಪಿನಿಂದ ಗೆರೆ ಎಳೆಯುತ್ತದೆ. ಅದನ್ನು ಪತ್ತೆ ಮಾಡಲು ಒಂದು ದಾರಿ ಇದೆ: ಕೊಟ್ಟ ಪದ್ಯದ ಒಂದು ಪಾದದಲ್ಲಿ ಒಂದು ಹ್ರಸ್ವವನ್ನು ದೀರ್ಘ ಮಾಡಿ ಬರೆದು, ‘ಈ ಪದ್ಯದಲ್ಲಿ ಛಂದಸ್ಸು ಎಲ್ಲಿ ಕೆಟ್ಟಿದೆ, ಎಷ್ಟು ಮಾತ್ರೆ ಹೆಚ್ಚಾಗಿದೆ’ ಎಂದು ಕೇಳಿ. ಎಣಿಸಿದವರು ಆ ಪಾದವನ್ನು ತೋರಿಸುತ್ತಾರೆ. ಉರುಹೊಡೆದವರು ಆರೂ ಪಾದಗಳಿಗೆ ಹಳೆಯ ಗಣಗಳನ್ನೇ ಹಾಕಿ, ಕೆಳಗೆ ‘ಭಾಮಿನಿ ಷಟ್ಪದಿ’ ಎಂದು ಬರೆದು ಕೊಡುತ್ತಾರೆ.